‘ಸೂಪರ್ ಅಕ್ಕಾ’ ತಿದ್ದುವ ಮುಂಚೆ ಅದರ ಮೇಲಿನ ಮೆಸೇಜುಗಳನ್ನ ಓದಿ

ಪ್ರಶ್ನೆ: ನಮ್ಮ ಆಫೀಸಿನ ಗ್ರೂಪಲ್ಲಿ ಒಬ್ಬರಿಗೊಬ್ಬರು ‘ಸೂಪರ್’, ‘ಥ್ಯಾಂಕ್ಯೂ ಬ್ರೋ’ ಅಂತ ಹಾಕೋ ಮೆಸೇಜುಗಳನ್ನ ತಿದ್ದಿ ತಿಂಗಳ ಮೆಚ್ಚುಗೆ ಬೋರ್ಡಿಗೆ ಬರೆಯೋ ಕೆಲಸ ನನ್ನದು. ಎಷ್ಟು ಬರೆದರೂ ಎಲ್ಲಾ ಒಂದೇ ಥರ ಆಗುತ್ತೆ. ಒಳ್ಳೆ ಪದಗಳ ಪಟ್ಟಿ ಯಾರಾದ್ರೂ ಕೊಡ್ತೀರಾ?

ಪಟ್ಟಿ ನನ್ನ ಹತ್ತಿರ ಇತ್ತು. ‘ಅವಿರತ ಶ್ರಮ’, ‘ಸಮರ್ಪಣಾ ಭಾವ’, ‘ತಂಡಕ್ಕೆ ಮಾದರಿ’, ‘ಸಮಯಪ್ರಜ್ಞೆ’ ಹೀಗೆ ಒಂದು ಪುಟದಷ್ಟು ಬರೆದಿಟ್ಟುಕೊಂಡಿದ್ದೆ. ಈಗ ಇಲ್ಲ, ಹರಿದು ಹಾಕಿದೆ. ನಿಮಗೂ ಕೊಡಲ್ಲ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ನಾನಿರೋದು ದಾವಣಗೆರೆಯಲ್ಲಿ. ಬಿತ್ತನೆ ಬೀಜ ಸರಬರಾಜು ಮಾಡೋ ಒಂದು ಆಫೀಸಿನಲ್ಲಿ ಕೆಲಸ. ನಮ್ಮ ಕಡೆ ಮೆಕ್ಕೆಜೋಳ ಜಾಸ್ತಿ, ಹಾಗಾಗಿ ಮೊದಲ ಮಳೆ ಬಿದ್ದ ವಾರ ನಮಗೆ ಉಸಿರಾಡೋಕೂ ಪುರಸೊತ್ತಿರಲ್ಲ. ಜಗಳೂರು, ಹೊನ್ನಾಳಿ, ಚನ್ನಗಿರಿ, ಎಲ್ಲಾ ಕಡೆ ಅಂಗಡಿಯವರು ಒಟ್ಟಿಗೇ ಫೋನ್ ಮಾಡ್ತಾರೆ. ಅಂಥ ಒಂದು ಸಂಜೆ ಜಗಳೂರು ಲೈನಿನ ಹುಡುಗ ಗ್ರೂಪಲ್ಲಿ ನಮ್ಮ ಬಿಲ್ಲಿಂಗ್ ಅಕ್ಕನಿಗೆ ಹೀಗೆ ಹಾಕಿದ್ದ: ‘ಸೂಪರ್ ಅಕ್ಕಾ, ನೀವಿಲ್ಲ ಅಂದ್ರೆ ಇವತ್ತು ಮುಗೀತಿತ್ತು.’

ತಿಂಗಳ ಕೊನೆಗೆ ನಾನು ಅದನ್ನ ಬೋರ್ಡಿಗೆ ತಿದ್ದಿ ಬರೆದದ್ದು ಇದು: ‘ಹಗಲು ರಾತ್ರಿ ಎನ್ನದೆ ದುಡಿದು, ತಮ್ಮ ಸಮರ್ಪಣಾ ಭಾವದಿಂದ ಇಡೀ ತಂಡಕ್ಕೆ ಮಾದರಿಯಾಗಿದ್ದಾರೆ.’ ಮೀಟಿಂಗಿನಲ್ಲಿ ನಾನೇ ಎದ್ದು ಓದಿದೆ. ಚಪ್ಪಾಳೆಯೂ ಬಿತ್ತು.

ಅಕ್ಕ ತಲೆ ಎತ್ತಲಿಲ್ಲ. ಮೀಟಿಂಗ್ ಮುಗಿದ ಮೇಲೆ ನನ್ನ ಟೇಬಲ್ ಹತ್ತಿರ ಬಂದು ಮೆಲ್ಲಗೆ ಹೇಳಿದರು. ‘ನಾನು ಆವತ್ತು ಆರು ಗಂಟೆಗೇ ಮನೆಗೆ ಹೋದೆ ಕಣಪ್ಪಾ. ರಾತ್ರಿ ಹತ್ತೂವರೆ ತನಕ ಇದ್ದದ್ದು ಗೋಡೌನಿನ ಅಣ್ಣ. ಅವರೆದುರಿಗೆ ನನಗೆ ಹಿಂಗೆ ಓದಿಬಿಟ್ಯಲ್ಲ.’

ಈ ತಪ್ಪನ್ನ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವು ಪಟ್ಟಿ ಕೇಳ್ತಿರೋದು ನೋಡಿದ್ರೆ ನೀವೂ ಅದೇ ದಾರಿಯಲ್ಲಿದ್ದೀರಿ ಅನ್ಸುತ್ತೆ. ನಾನು ಓದಿದ್ದು ಆ ಒಂದೇ ಮೆಸೇಜ್. ಅದರ ಮೇಲೆ ಹದಿನಾಲ್ಕು ಮೆಸೇಜ್ ಇದ್ದವು. ನಾನು ಬೆರಳಾಡಿಸಿ ಮೇಲಕ್ಕೆ ಹೋಗಲೇ ಇಲ್ಲ. ಹೋಗಿದ್ದರೆ ಎಲ್ಲಾ ಅಲ್ಲೇ ಇತ್ತು. ಐದೂ ಇಪ್ಪತ್ತಕ್ಕೆ ಅಕ್ಕ ‘ಜಗಳೂರು ಲೋಡಿನ ಮೂಟೆ ಮೇಲಿನ ಲಾಟ್ ನಂಬರ್ ಫೋಟೊ ಹಾಕಿ’ ಅಂತ ಕೇಳಿದ್ದಾರೆ. ಗೋಡೌನಿನಿಂದ ಫೋಟೊ ಬಂದಿದೆ. ಎರಡು ನಿಮಿಷ ಬಿಟ್ಟು ಅಕ್ಕ ‘ಬಿಲ್ಲಲ್ಲಿ ಇರೋ ಲಾಟ್ ಬೇರೆ, ಗಾಡಿ ಬಿಡಬೇಡಿ’ ಅಂದಿದ್ದಾರೆ. ಬೀಜದ ಪ್ರತಿ ಪ್ಯಾಕೆಟ್ಟಿನ ಮೇಲೂ ಲಾಟ್ ನಂಬರ್ ಇರುತ್ತೆ. ಮೊಳಕೆ ಸರಿ ಬರಲಿಲ್ಲ ಅಂತ ರೈತ ದೂರು ಕೊಟ್ಟರೆ ಅದೇ ನಂಬರ್ ಹಿಡಿದು ಹುಡುಕೋದು. ಬಿಲ್ಲಿಗೂ ಮಾಲಿಗೂ ನಂಬರ್ ಹೊಂದದಿದ್ದರೆ ಗೊತ್ತಿರೋ ಅಂಗಡಿಯವರು ಮಾಲು ಇಳಿಸಿಕೊಳ್ಳಲ್ಲ. ಆಮೇಲೆ ಗೋಡೌನಿನ ಅಣ್ಣ ಅರವತ್ತು ಮೂಟೆ ಇಳಿಸಿ, ಸರಿಯಾದ ಲಾಟ್ ಹುಡುಕಿ ಹೇರಿ, ರಾತ್ರಿ ಗಾಡಿ ಕಳಿಸಿದ್ದಾರೆ.

ಅಂದ್ರೆ ಅಕ್ಕ ಮಾಡಿದ್ದು ಎರಡು ನಿಮಿಷದ ಕೆಲಸ. ಯಾರೂ ಹೇಳದೆ, ತಾವಾಗಿಯೇ ಫೋಟೊ ತರಿಸಿ ಬಿಲ್ಲಿನ ಜೊತೆ ಹೋಲಿಸಿ ನೋಡಿದ್ದು. ಅದೇ ದೊಡ್ಡದು. ನಾನು ಅದನ್ನ ತೆಗೆದು ಆ ಜಾಗಕ್ಕೆ ‘ಹಗಲು ರಾತ್ರಿ’ ತುಂಬಿದೆ. ಹುಡುಗನ ಮೆಸೇಜಿನಲ್ಲಿ ಬೆಲೆ ಇದ್ದ ಒಂದೇ ಮಾತು ‘ಮುಗೀತಿತ್ತು’ ಅನ್ನೋದು. ಏನು ಮುಗೀತಿತ್ತು ಅಂತ ನಾನು ಕೇಳಬೇಕಿತ್ತು. ಕೇಳದೆ ಆ ಮಾತನ್ನೇ ಅಳಿಸಿ ಹಾಕಿದೆ.

ಅದರಿಂದ ಆದದ್ದು ಬರೀ ಮುಜುಗರ ಅಲ್ಲ. ಗೋಡೌನಿನ ಅಣ್ಣ ತಿಂಗಳುಗಟ್ಟಲೆ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಗ್ರೂಪಲ್ಲಿ ‘ಸೂಪರ್’ ಅನ್ನೋದೂ ಕಡಿಮೆ ಆಯ್ತು, ಹಾಕಿದರೆ ಬೋರ್ಡಿಗೆ ಹೋಗಿ ಏನಾಗುತ್ತೋ ಅಂತ ಹುಡುಗರಿಗೆ ಭಯ. ಎಲ್ಲಕ್ಕಿಂತ ಜಾಸ್ತಿ ನೋವಾಗಿದ್ದು ಮುಂದಿನ ತಿಂಗಳು. ಅಕ್ಕ ರಜೆಯಲ್ಲಿದ್ದರು, ಬಿಲ್ಲಿಂಗಿಗೆ ಹೊಸ ಹುಡುಗ ಕೂತಿದ್ದ. ಅವನು ಆ ಮೀಟಿಂಗಿನಲ್ಲಿ ನನ್ನೆದುರಿಗೇ ಕೂತು ನಾನು ಓದಿದ್ದನ್ನ ಕೇಳಿದವನು. ಆದರೆ ಫೋಟೊ ತರಿಸಿ ನೋಡಬೇಕು ಅನ್ನೋದು ಅವನಿಗೆ ಗೊತ್ತಿರಲಿಲ್ಲ. ಗೊತ್ತಾಗೋದು ಹೇಗೆ? ನಾನು ಹೇಳಿದ್ದು ‘ಸಮರ್ಪಣಾ ಭಾವ’. ಹೊನ್ನಾಳಿಗೆ ಹೋದ ಲೋಡು ಲಾಟ್ ಹೊಂದದೆ ಪೂರ್ತಿ ವಾಪಸ್ ಬಂತು.

ಈಗ ನಾನು ಹೇಗೆ ಮಾಡ್ತೀನಿ ಅಂತ ಹೇಳ್ತೀನಿ. ಮೊದಲು ಮೇಲಿನ ಮೆಸೇಜುಗಳನ್ನ ಓದ್ತೀನಿ, ಯಾರು ಏನು ಮಾಡಿದ್ರು, ಎಷ್ಟು ಗಂಟೆಗೆ ಅಂತ. ಆಮೇಲೆ ಹೊಗಳಿದವರಿಗೆ ಫೋನ್ ಮಾಡ್ತೀನಿ, ಅದೂ ಅದೇ ವಾರದಲ್ಲಿ. ತಿಂಗಳ ಕೊನೆಗೆ ಕೇಳಿದ್ರೆ ‘ಏನೋ ಹೆಲ್ಪ್ ಮಾಡಿದ್ರು ಸಾರ್’ ಅನ್ನೋದಷ್ಟೇ ಉಳಿದಿರುತ್ತೆ. ‘ಅವರ ಬಗ್ಗೆ ಏನಾದ್ರೂ ಹೇಳು’ ಅಂತ ಕೇಳಬಾರದು, ಹಾಗೆ ಕೇಳಿದ್ರೆ ‘ತುಂಬಾ ಒಳ್ಳೆಯವರು’ ಅಂತಾರೆ, ಮತ್ತೆ ಅಲ್ಲಿಗೇ ಬಂದ್ವಿ. ನಾನು ಕೇಳೋದು ಎರಡೇ. ಅವರು ಹಾಗೆ ಮಾಡದಿದ್ರೆ ನಿನಗೆ ಏನಾಗ್ತಿತ್ತು? ಅದನ್ನ ಅವರು ಮಾಡಲೇಬೇಕಿತ್ತಾ, ತಾವಾಗಿ ಮಾಡಿದ್ರಾ? ಇಷ್ಟು ಕೇಳಿದ್ರೆ ಸಾಕು, ಹುಡುಗರು ಕಥೆನೇ ಹೇಳ್ತಾರೆ. ಆಮೇಲೆ ಅದನ್ನ ಅವರ ಬಾಯಲ್ಲೇ ಬರೀತೀನಿ, ‘ನಾನು’ ‘ನೀವು’ ಅಂತ. ‘ಮಾದರಿಯಾಗಿದ್ದಾರೆ’ ಅನ್ನೋ ಮೂರನೆಯವರ ಮಾತು ಬೇಡವೇ ಬೇಡ.

ಹೊನ್ನಾಳಿ ಲೋಡು ವಾಪಸ್ ಬಂದ ಮೇಲೆ ಆ ಹಳೇ ಮೆಸೇಜನ್ನೇ ಜಗಳೂರು ಹುಡುಗನ ಜೊತೆ ಕೂತು ಮತ್ತೆ ಬರೆದೆ. ಹೀಗೆ ಬಂತು:

‘ಅಕ್ಕಾ, ಜಗಳೂರು ಗಾಡಿ ಹೊರಡೋ ಮುಂಚೆ ಮೂಟೆ ಮೇಲಿನ ಲಾಟ್ ನಂಬರ್ ಫೋಟೊ ತರಿಸಿ ಬಿಲ್ಲಿನ ಜೊತೆ ನೋಡಿದ್ರಿ. ಎರಡೂ ಬೇರೆ ಇದ್ದವು. ನಾನಂತೂ ನೋಡ್ತಿರಲಿಲ್ಲ. ಹಾಗೇ ಹೋಗಿದ್ದರೆ ಮರುದಿನ ಬೆಳಗ್ಗೆ ಅಂಗಡಿ ಮುಂದೆ ಬೀಜಕ್ಕೆ ನಿಂತಿದ್ದ ರೈತರಿಗೆ ನಾನು ಏನು ಹೇಳಬೇಕಿತ್ತೋ ಗೊತ್ತಿಲ್ಲ.’

ಗೋಡೌನಿನ ಅಣ್ಣನಿಗೆ ಬೇರೆಯೇ ಬರೆದ್ವಿ: ‘ಅಣ್ಣಾ, ಅರವತ್ತು ಮೂಟೆ ಇಳಿಸಿ ಮತ್ತೆ ಹೇರಿದ್ರಿ. ಹತ್ತೂವರೆಗೆ ನೀವು ಗಾಡಿ ಬಿಟ್ಟಿದ್ದಕ್ಕೆ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೆ ಮಾಲು ಅಲ್ಲಿತ್ತು.’

ಇದರಲ್ಲಿ ಒಂದು ಗಮನಿಸಿ. ‘ಎರಡೂ ಬೇರೆ ಇದ್ದವು’ ಅಂತ ಬರೆದಿದ್ದೀವಿ, ಯಾರು ತಪ್ಪು ಲಾಟ್ ಹೇರಿದ್ರು ಅಂತ ಬರೆದಿಲ್ಲ. ಹುಡುಗ ಮೊದಲು ಹೇಳುವಾಗ ‘ಗೋಡೌನ್‌ನವರು ತಪ್ಪು ಹೇರಿದ್ರು’ ಅಂತಲೇ ಶುರು ಮಾಡಿದ. ಅದು ನಿಜವೇ. ಆದರೆ ಒಬ್ಬರ ಮೆಚ್ಚುಗೆ ಇನ್ನೊಬ್ಬರ ಮೇಲಿನ ದೂರು ಆಗಬಾರದು. ವಿವರ ಬರೆಯೋಕೆ ಹೊರಟಾಗ ಈ ಅಪಾಯ ಯಾವಾಗಲೂ ಇರುತ್ತೆ, ಯಾಕಂದ್ರೆ ಒಬ್ಬರು ಸರಿ ಮಾಡಿದ್ದಾರೆ ಅಂದ್ರೆ ಎಲ್ಲೋ ಏನೋ ತಪ್ಪಾಗಿತ್ತು ಅಂತಲೇ ಅರ್ಥ.

ಬರೆದದ್ದನ್ನ ಹುಡುಗನ ಕೈಲೇ ಜೋರಾಗಿ ಓದಿಸಿ, ‘ಇದನ್ನ ಅಕ್ಕನ ಮುಂದೆ ನಿಂತು ಬಾಯಿಬಿಟ್ಟು ಹೇಳ್ತೀಯಾ?’ ಅಂತ ಕೇಳಿದೆ. ಮೊದಲ ಸಲ ಬರೆದಾಗ ಕೊನೆಯಲ್ಲಿ ‘ನಿಮ್ಮ ಈ ಮುಂಜಾಗ್ರತೆಗೆ ಕೃತಜ್ಞತೆಗಳು’ ಅಂತ ಸೇರಿಸಿದ್ದೆ, ಅಭ್ಯಾಸ ಬಲ. ಅಲ್ಲಿಗೆ ಬಂದಾಗ ಅವನ ನಾಲಿಗೆ ತಡವರಿಸಿತು. ಆ ಸಾಲು ಹೊಡೆದು ಹಾಕಿದೆ. ನಾಲಿಗೆ ಎಲ್ಲಿ ತಡವರಿಸುತ್ತೋ ಆ ಮಾತು ಅವರದ್ದಲ್ಲ, ತಿದ್ದಿದವರದ್ದು. ಕೊನೆಗೆ ಬೋರ್ಡಿಗೆ ಹಾಕೋ ಮುಂಚೆ ಅಕ್ಕನಿಗೂ ಅಣ್ಣನಿಗೂ ತೋರಿಸಿದೆ. ಎಲ್ಲರ ಮುಂದೆ ಹೆಸರು ಬರೋದು ಕೆಲವರಿಗೆ ಇಷ್ಟ ಇರಲ್ಲ, ಅಂಥವರಿಗೆ ಮೆಸೇಜನ್ನ ಅವರಿಗಷ್ಟೇ ಕೊಟ್ಟರೆ ಆಯ್ತು.

‘ನನ್ನ ಭಾಷೆ ಅಷ್ಟು ಚೆನ್ನಾಗಿಲ್ಲ’ ಅನ್ನೋ ಅಳುಕು ನಿಮ್ಮ ಪ್ರಶ್ನೆಯ ಹಿಂದೆ ಇದ್ದರೆ ಅದನ್ನ ಬಿಡಿ. ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ ಅನ್ನೋ ಇಬ್ಬರು ಸಂಶೋಧಕರು ಜನರ ಕೈಲಿ ಕೃತಜ್ಞತೆಯ ಪತ್ರ ಬರೆಸಿ ನೋಡಿದ್ದಾರೆ, 2018ರಲ್ಲಿ ಅದು ಪ್ರಕಟವಾಯ್ತು. ಬರೆದವರು ಪದ ಸರಿಯಾಗಿ ಕೂಡುತ್ತೋ ಇಲ್ವೋ ಅಂತ ಯೋಚನೆ ಮಾಡ್ತಿದ್ದರು. ಪತ್ರ ಸಿಕ್ಕವರು ಮಾತ್ರ ಪದಕ್ಕಿಂತ ಅದರಲ್ಲಿರೋ ಪ್ರೀತಿಯನ್ನೇ ನೋಡಿದರು, ಬರೆದವರು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಖುಷಿಪಟ್ಟರು. ನಮ್ಮ ಆಫೀಸಲ್ಲಿ ನಾನು ನೋಡಿದ್ದೂ ಅದೇ. ‘ನಾನಂತೂ ನೋಡ್ತಿರಲಿಲ್ಲ’ ಅನ್ನೋ ಸಾಲಿಗೆ ಅಕ್ಕ ನಕ್ಕರು. ಅದರಲ್ಲಿ ಒಂದೂ ದೊಡ್ಡ ಪದ ಇಲ್ಲ.

ಇನ್ನೊಂದು ವಿಷಯ, ಇದಕ್ಕೆ ನೀವು ಒಪ್ಪದೇ ಇರಬಹುದು. ಎಲ್ಲಾ ಮೆಸೇಜನ್ನೂ ತಿದ್ದೋಕೆ ಹೋಗಬೇಡಿ. ಫೋನ್ ಮಾಡಿ ಕೇಳಿದಾಗ ‘ಸುಮ್ನೆ ಹಾಕಿದ್ದೆ ಸಾರ್, ಟೀ ತರಿಸಿದ್ರು ಅಂತ’ ಅಂದ್ರೆ ಅದು ಅಲ್ಲಿಗೆ ಮುಗೀತು. ಆ ‘ಸೂಪರ್’ ಚಾಟಲ್ಲೇ ಚೆನ್ನಾಗಿದೆ, ಆ ಕ್ಷಣಕ್ಕೆ ಅದು ನಿಜ. ಅದನ್ನ ಎತ್ತಿ ಬೋರ್ಡಿಗೆ ಹಾಕಿ ನಾಲ್ಕು ಸಾಲು ಮಾಡಿದ್ರೆ ಮಾತ್ರ ಸುಳ್ಳಾಗುತ್ತೆ. ಮೊದಲು ನಾನು ತಿಂಗಳಿಗೆ ಇಪ್ಪತ್ತು ಬರೀತಿದ್ದೆ. ಈಗ ನಾಲ್ಕು, ಒಂದೊಂದು ತಿಂಗಳು ಎರಡೇ. ಮೇಲಿನವರು ‘ಯಾಕೆ ಕಡಿಮೆ’ ಅಂತ ಕೇಳಿದಾಗ ಆ ನಾಲ್ಕನ್ನೂ ಓದಿ ಹೇಳಿದೆ, ಮತ್ತೆ ಕೇಳಲಿಲ್ಲ. ನಿಮಗೆ ಇಂತಿಷ್ಟು ಬೇಕು ಅಂತ ಲೆಕ್ಕ ಕೊಟ್ಟಿದ್ದರೆ ಮೊದಲು ಆ ಲೆಕ್ಕ ತೆಗೆಸಿ.

ಅಕ್ಕನ ಮೆಸೇಜ್ ಸರಿಮಾಡಿ ಬೋರ್ಡಿಗೆ ಹಾಕಿದ ವಾರ ಬಿಲ್ಲಿಂಗಿನ ಹೊಸ ಹುಡುಗ ಅದರ ಮುಂದೆ ನಿಂತು ಎರಡು ಸಲ ಓದಿದ. ಸಂಜೆ ಚನ್ನಗಿರಿ ಲೋಡು ಹೊರಡೋ ಹೊತ್ತಿಗೆ ಗ್ರೂಪಲ್ಲಿ ಅವನ ಮೆಸೇಜ್ ಬಂತು: ‘ಅಣ್ಣಾ, ಲಾಟ್ ನಂಬರ್ ಫೋಟೊ ಹಾಕ್ತೀರಾ?’