ವೆಬಿನಾರ್ ಕ್ಯಾರೊಸೆಲ್: ನೋಂದಣಿ ಬರುವಂತೆ ಬರೆಯುವುದು

ಅಂಗಡಿಯವರಿಗಾಗಿ ಜಿಎಸ್‌ಟಿ ವೆಬಿನಾರ್ ಇದೆ. ಇನ್‌ಸ್ಟಾಗ್ರಾಮ್ ಕ್ಯಾರೊಸೆಲ್‌ಗೆ ಲೈಕ್ ಬರುತ್ತಿದೆ, ನೋಂದಣಿ ಇಲ್ಲ. ಏನು ತಪ್ಪು?

ಮೊದಲು ಲಿಂಕ್ ಎಲ್ಲಿದೆ ನೋಡಿ. ಕ್ಯಾಪ್ಶನ್‌ನಲ್ಲಾಗಲಿ ಚಿತ್ರದ ಮೇಲಾಗಲಿ ಬರೆದ ವಿಳಾಸ ಒತ್ತಿದರೆ ತೆರೆಯುವುದಿಲ್ಲ. ಅದನ್ನು ಬಯೋದಲ್ಲಿ ಹಾಕಿ. ಕೊನೆಯ ಸ್ಲೈಡಿನಲ್ಲಿ "ನಮ್ಮ ಪ್ರೊಫೈಲ್‌ಗೆ ಹೋಗಿ, ಮೊದಲ ಲಿಂಕ್ ಒತ್ತಿ, ಹೆಸರು ಮತ್ತು ವಾಟ್ಸಾಪ್ ನಂಬರ್ ಕೊಡಿ" ಎಂದು ಬಿಡಿಸಿ ಬರೆಯಿರಿ. ದಿನ, ಗಂಟೆ, ಶುಲ್ಕವೂ ಅಲ್ಲೇ ಇರಲಿ.

ಇನ್ನು ಮೊದಲ ಸ್ಲೈಡ್. ಬರೀ "ಜಿಎಸ್‌ಟಿ ಮಾಹಿತಿ" ಎಂದರೆ ಇದು ತನಗೆಂದು ಯಾರಿಗೂ ಅನಿಸದು. "ಯುಪಿಐನಲ್ಲಿ ಹಣ ಪಡೆಯುವ ಕಿರಾಣಿ ಅಂಗಡಿಯವರಿಗೆ" ಎನ್ನಿ.

ಕಲಿಯುವುದನ್ನು ಕೆಲಸದ ರೂಪದಲ್ಲಿ ಹೇಳಿ: "ವಿನಾಯಿತಿ ಇರುವ ಸರಕನ್ನೂ ಸೇರಿಸಿ ವರ್ಷದ ವಹಿವಾಟು 40 ಲಕ್ಷ ದಾಟಿತೇ ಎಂದು ಲೆಕ್ಕ ಹಾಕುವುದು." ಸ್ಲೈಡಿಗೆ ಇಂಥದ್ದು ಒಂದೇ ಸಾಕು. ಎರಡನೇ ಸ್ಲೈಡಿನಲ್ಲೂ ಯಾರಿಗೆ ಎಂಬುದು ಮತ್ತೆ ಬರಲಿ. ಒಮ್ಮೆ ದಾಟಿ ಹೋದವರಿಗೆ ಫೀಡಿನಲ್ಲಿ ಕೆಲವೊಮ್ಮೆ ಅದೇ ಮೊದಲು ಕಾಣುತ್ತದೆ.