ಒಂದು ಪೈಸೆಯನ್ನು ಯಾವ ಸಾಲಿಗೆ ಹಾಕಬೇಕು?

"ಪುಣೆ ಆಫೀಸಿನ ಡಾಲರ್ ಇನ್ವಾಯ್ಸ್ ರೂಪಾಯಿಗೆ ತಂದರೆ ಸಾಲುಗಳ ಕೂಡಿಕೆಗೂ ಟೋಟಲ್‌ಗೂ ಒಂದು ಪೈಸೆ ವ್ಯತ್ಯಾಸ. ಯಾವುದನ್ನು ತಿದ್ದಲಿ?"

ಟೋಟಲ್ ಮುಟ್ಟಬೇಡಿ, ಸಾಲುಗಳನ್ನು ಹೊಂದಿಸಿ ಸರ್. ದರ 83.47, ಸಾಲುಗಳು 33.33, 33.33, 33.34 ಡಾಲರ್ ಅಂದುಕೊಳ್ಳಿ. ಟೋಟಲ್ 8347.00 ರೂಪಾಯಿ. ಒಂದೊಂದನ್ನೇ ರೌಂಡ್ ಮಾಡಿದರೆ 2782.06, 2782.06, 2782.89; ಕೂಡಿದರೆ 8347.01. ಮೂರೂ ಮೇಲಕ್ಕೇ ಹೋದದ್ದು ಕಾರಣ.

ಅದರ ಬದಲು ಎಲ್ಲವನ್ನೂ ಪೈಸೆಗೆ ಕೆಳಕ್ಕೆ ಇಳಿಸಿ: 2782.05, 2782.05, 2782.88. ಟೋಟಲ್‌ಗೆ ಇನ್ನೂ 2 ಪೈಸೆ ಬೇಕು. ಕತ್ತರಿಸಿದ ಭಾಗ ಕ್ರಮವಾಗಿ 0.51, 0.51, 0.98 ಪೈಸೆ. ದೊಡ್ಡದಕ್ಕೆ ಮೊದಲು ಕೊಡಿ, ಅಂದರೆ ಮೂರನೆಯ ಸಾಲಿಗೆ ಒಂದು. ಉಳಿದೆರಡು ಸಮ, ಹಾಗಾಗಿ ಮೇಲಿನ ಸಾಲಿಗೆ ಇನ್ನೊಂದು. ಈಗ 2782.06, 2782.05, 2782.89, ಕೂಡಿಕೆ ಸರಿಯಾಗಿ 8347.00.

ಒಂದೇ ಬೆಲೆಯ ಎರಡು ಸಾಲಿಗೆ ಒಂದು ಪೈಸೆ ಅಂತರ ಬಂತಲ್ಲ, ಪಾರ್ಟಿ ಕೇಳಬಹುದು. ಸಮ ಬಂದರೆ ಮೇಲಿನ ಸಾಲಿಗೇ ಎಂಬ ನಿಯಮ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಮತ್ತೆ ಪ್ರಿಂಟ್ ತೆಗೆದಾಗ ಪೈಸೆ ಬೇರೆ ಸಾಲಿಗೆ ಹಾರುತ್ತದೆ. ವ್ಯತ್ಯಾಸವನ್ನೆಲ್ಲ ಕೊನೆಯ ಸಾಲಿಗೆ ತಳ್ಳುವುದು ನನಗೆ ಒಪ್ಪಿಗೆಯಿಲ್ಲ: 60 ಸಾಲಿನ ಬಿಲ್ಲಿನಲ್ಲಿ ಅದೊಂದೇ ಸಾಲು ಹಲವು ಪೈಸೆ ತಪ್ಪಾಗಬಹುದು.

ಹಂಚಬೇಕಾದ ಪೈಸೆ ಸಾಲುಗಳ ಸಂಖ್ಯೆಗಿಂತ ಹೆಚ್ಚಾದರೆ ಅದು ರೌಂಡಿಂಗ್ ತಪ್ಪಲ್ಲ. ಎಲ್ಲೋ ಬೇರೆ ದರ ಬಿದ್ದಿದೆ, ಇಲ್ಲವೇ ಟೋಟಲ್‌ನಲ್ಲಿರುವ ಸಾಗಣೆ ಖರ್ಚು ಸಾಲುಗಳಲ್ಲಿಲ್ಲ.