ಒಂದು ಮೇಲು, ನಾಲ್ಕು ಅಂಚು

ಓದುಗರ ಪತ್ರ: ಮೊಮ್ಮಗಳು ಜರ್ಮನಿಯಲ್ಲಿ ಆರನೇ ಕ್ಲಾಸು. ಅಲ್ಲಿಗೆ ಹೋಗಿ ಎರಡು ವರ್ಷ. ಮಗ ಅವಳ ರಿಪೋರ್ಟ್ ಕಾರ್ಡಿನ ಫೋಟೋ ಕಳಿಸಿದ್ದಾನೆ. ಗಣಿತ 2, ಜರ್ಮನ್ ಭಾಷೆ 4, ಸಂಗೀತ 1. ಪಕ್ಕದ ಮನೆಯವರು ಹತ್ತಕ್ಕೆ ಎರಡೇ ಬಂದಿದೆ ಎಂದರು. ರ‍್ಯಾಂಕ್ ಎಲ್ಲೂ ಕಾಣದು. ನಮ್ಮ ಲೆಕ್ಕದಲ್ಲಿ ಎಷ್ಟು ಪರ್ಸೆಂಟ್? ಪ್ರತಿಯನ್ನು ಜೊತೆಗೆ ಕಳಿಸಿದ್ದೇನೆ. – ಓದುಗರೊಬ್ಬರು, ತೀರ್ಥಹಳ್ಳಿ

ಸಂಪಾದಕರ ಉತ್ತರ: ಪಕ್ಕದ ಮನೆಯವರ ಮಾತು ಬಿಡಿ, ಮೊಮ್ಮಗಳ ಗಣಿತ ಚೆನ್ನಾಗಿದೆ. ಅಲ್ಲಿ 1 ಎಲ್ಲಕ್ಕಿಂತ ಮೇಲು, 6 ಎಲ್ಲಕ್ಕಿಂತ ಕೆಳಗೆ. 1964ರ ಹ್ಯಾಂಬರ್ಗ್ ಒಪ್ಪಂದದಲ್ಲಿ ಆಗಿನ ಪಶ್ಚಿಮ ಜರ್ಮನಿಯ ರಾಜ್ಯಗಳು ಒಪ್ಪಿಕೊಂಡ ಆರು ದರ್ಜೆಗಳಿವು. ದೊಡ್ಡ ತರಗತಿಗಳಲ್ಲಿ ಮಾತ್ರ 0ಯಿಂದ 15ರವರೆಗೆ ಪಾಯಿಂಟ್ ಕೊಡುತ್ತಾರೆ, ಅಲ್ಲಿ ಹೆಚ್ಚಿದ್ದಷ್ಟೂ ಒಳ್ಳೆಯದು.

ನೀವು ನಿಜವಾಗಿ ನೋಡಬೇಕಾದದ್ದು ಆ 4ನ್ನು. ಅದರ ಹೆಸರು ‘ಆವ್ಸ್‌ರೈಷೆಂಟ್’. ಡಿಕ್ಷನರಿ ನೋಡಿದರೆ ‘ಸಾಕಷ್ಟು’ ಎಂದು ಸಿಗುತ್ತದೆ. ನಮ್ಮ ಕಿವಿಗೆ ಅದು ಧಾರಾಳ ಎಂದೇ ಕೇಳುವುದು. ಅಲ್ಲಿನ ಅರ್ಥ ಬೇರೆ: ಕೊರತೆಗಳಿವೆ, ಒಟ್ಟಾರೆ ನೋಡಿದರೆ ಇನ್ನೂ ಸಾಲುತ್ತದೆ. ಅಂದರೆ ಪಾಸಿನ ಅಂಚು. ಎರಡು ವರ್ಷದ ಹಿಂದೆ ಆ ಭಾಷೆ ಕಿವಿಗೇ ಬೀಳದಿದ್ದ ಕೂಸಿಗೆ ಅದು ಸೋಲಲ್ಲ. ಇನ್ನು 5 ಮತ್ತು 6ರ ವ್ಯತ್ಯಾಸ ನನಗೆ ಬಹಳ ಹಿಡಿಸಿತು. ಎರಡೂ ಫೇಲೇ. ಆದರೆ ತಳಪಾಯ ಇದೆ, ಕೊರತೆ ಬೇಗ ನೀಗಬಹುದು ಎಂದಾದರೆ 5. ತಳಪಾಯವೇ ಹರಕುಮುರುಕು ಎಂದಾದರೆ 6. ನಮ್ಮ ಫೇಲಿನ ಮಾರ್ಕ್ಸು ಇದನ್ನು ಹೇಳುವುದಿಲ್ಲ.

ಪರ್ಸೆಂಟಿಗೂ ದಾರಿಯಿದೆ. ನಮ್ಮ ಅಂಕಗಳನ್ನು ಅಲ್ಲಿನ ವಿಶ್ವವಿದ್ಯಾಲಯಗಳು ಬವೇರಿಯಾ ಸೂತ್ರದಿಂದ ಬದಲಿಸಿಕೊಳ್ಳುತ್ತವೆ: ನೂರರಿಂದ ನಮ್ಮ ಅಂಕ ಕಳೆದು, 3ರಿಂದ ಗುಣಿಸಿ, 65ರಿಂದ ಭಾಗಿಸಿ, 1 ಕೂಡಿಸಬೇಕು. ಈ 65 ಎಂದರೆ ನೂರಕ್ಕೂ, ನಮ್ಮಲ್ಲಿ ಬಹುಕಾಲ ಪಾಸಿನ ಅಂಕವಾಗಿದ್ದ 35ಕ್ಕೂ ಇರುವ ಅಂತರ. 80 ಬಂದವರಿಗೆ 1.9 ಆಗುತ್ತದೆ. ತಿರುಗಿಸಿದರೆ 2 ಎಂದರೆ ಸುಮಾರು 78, 4 ಎಂದರೆ 35. ಆದರೆ ಇದು ಕಾಲೇಜು ಸೀಟಿನ ಲೆಕ್ಕ. ಮೊಮ್ಮಗಳಿಗೆ 78 ಬಂತು ಎಂದು ಊರಲ್ಲಿ ಹೇಳಬೇಡಿ. ಅವಳ ಟೀಚರ್ ಹಾಗೆ ಅಳೆದೇ ಇಲ್ಲ.

ರ‍್ಯಾಂಕ್ ಹುಡುಕಿದಿರಲ್ಲ, ಅದಕ್ಕೆ ಮಾತ್ರ ನಿಮ್ಮ ಮೇಲೆ ಸಣ್ಣ ಸಿಟ್ಟು. ಶಿಫಾರಸ್ಸಿಲ್ಲದ ಬಡವರ ಮಕ್ಕಳಿಗೆ ಅಂಕಪಟ್ಟಿಯೇ ಸೀಟು ಕೊಡಿಸಿದೆ, ಒಪ್ಪುತ್ತೇನೆ. ಆದರೆ ನಾನು ಏಳನೇ ಕ್ಲಾಸಿನಲ್ಲಿದ್ದಾಗ, ಹೆಂಚಿನ ಮೇಲೆ ಮಳೆ ಹೊಯ್ಯುತ್ತಿದ್ದ ಒಂದು ದಿನ, ಮೇಷ್ಟ್ರು ರ‍್ಯಾಂಕ್ ಓದುತ್ತಾ ಹೋದರು. ಕೊನೆಗೆ ಉಳಿದವನು ನನ್ನ ಬೆಂಚಿನವನು, 41ಕ್ಕೆ 41. ಅವನಿಗೆ ಬಾರದಿದ್ದದ್ದು ಇಂಗ್ಲಿಷ್ ಒಂದೇ, ಬಾಯಿಲೆಕ್ಕದಲ್ಲಿ ನಮ್ಮನ್ನೆಲ್ಲ ಮೀರಿಸುತ್ತಿದ್ದ. ಕಾರ್ಡಿನಲ್ಲಿ ಉಳಿದದ್ದು ಆ 41 ಮಾತ್ರ. ಮರುವರ್ಷ ಅವನು ಅಡಿಕೆ ಕೊನೆಗೊಯ್ಲಿಗೆ ಹೋದ, ಶಾಲೆಗೆ ಬರಲಿಲ್ಲ. ಈಗಲೂ ಪ್ರತಿ ಬೇಸಿಗೆಯಲ್ಲಿ ಶಿವಮೊಗ್ಗದ ಸರ್ಕಲ್ಲುಗಳಲ್ಲಿ 625ಕ್ಕೆ ಇಷ್ಟು ಎಂಬ ಫ್ಲೆಕ್ಸುಗಳು ಏಳುತ್ತವೆ. ಅವನಂಥವರ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ನೀವು ಕಳಿಸಿದ ಫೋಟೋದಲ್ಲಿ ಕೆಳಗಿನ ಭಾಗ ಕತ್ತರಿಸಿ ಹೋಗಿದೆ. ಷರಾ ಬರೆಯುವುದು ಸಾಮಾನ್ಯವಾಗಿ ಅಲ್ಲೇ, ‘ಬೆಮೆರ್ಕುಂಗೆನ್’ ಎಂಬ ಸಾಲಿನ ಕೆಳಗೆ. ಪೂರ್ತಿ ಫೋಟೋ ತರಿಸಿ, ಮಗನಿಗೆ ಫೋನು ಮಾಡಿ, ಅದನ್ನು ಕನ್ನಡದಲ್ಲಿ ಓದಿ ಹೇಳು ಎನ್ನಿ.